ಸಿಸಿ ಖಾತೆಯ ಬಡ್ಡಿ: ಲಕ್ಷಕ್ಕೆ ದಿನಕ್ಕೆ ಮೂವತ್ತು ರೂಪಾಯಿ

ದಾವಣಗೆರೆಯ ಒಂದು ಪ್ಲೈವುಡ್ ಅಂಗಡಿಯ ಲೆಕ್ಕ ನಾನು ಬರೆಯುತ್ತೇನೆ. ಏಪ್ರಿಲ್ ಮುಗಿದ ಮೇಲೆ ಅಂಗಡಿಯ ಯಜಮಾನರು ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದುಕೊಂಡು ಬಂದರು. ಕೊನೆಯ ಸಾಲಿನಲ್ಲಿ ಬಡ್ಡಿ 5,655 ರೂಪಾಯಿ ಅಂತ ಇತ್ತು. "ಇದು ಹೇಗೆ ಬಂತು ಸಾರ್? ಲಿಮಿಟ್ ಹತ್ತು ಲಕ್ಷ, ಬಡ್ಡಿ ಶೇ. 10.95. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 9,125 ಆಗಬೇಕು. ಇಲ್ಲ, ತಿಂಗಳ ಕೊನೆಗೆ ನಾನು ಬಾಕಿ ಇದ್ದದ್ದು ಐದು ಲಕ್ಷ ಅಂತ ಹಿಡಿದರೆ 4,562 ಆಗಬೇಕು. ಎರಡೂ ಅಲ್ವಲ್ಲ!"

ಅವರ ಗುಣಾಕಾರದಲ್ಲಿ ತಪ್ಪಿಲ್ಲ. ಲಿಮಿಟ್ ಮೇಲೂ ಬಡ್ಡಿ ಬೀಳುವುದಿಲ್ಲ, ತಿಂಗಳ ಕೊನೆಯ ಬಾಕಿ ಮೇಲೂ ಬೀಳುವುದಿಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಪ್ರತಿ ರಾತ್ರಿ ಬ್ಯಾಂಕಿನ ಕಂಪ್ಯೂಟರ್ ದಿನದ ಲೆಕ್ಕ ಮುಗಿಸುವಾಗ ಖಾತೆಯಲ್ಲಿ ಎಷ್ಟು ಬಾಕಿ ನಿಂತಿತ್ತೋ, ಆ ಒಂದು ದಿನಕ್ಕೆ ಅಷ್ಟರ ಮೇಲೆ ಬಡ್ಡಿ. ಏಪ್ರಿಲ್‌ನಲ್ಲಿ ಮೂವತ್ತು ರಾತ್ರಿ. ಮೂವತ್ತು ಸಣ್ಣ ಬಡ್ಡಿಗಳನ್ನು ಕೂಡಿಸಿ, ತಿಂಗಳ ಕೊನೆಗೆ ಒಂದೇ ಸಲ ಖಾತೆಗೆ ಹಾಕುತ್ತಾರೆ.

ಲೆಕ್ಕಕ್ಕೆ ಹೋಗುವ ಮೊದಲು ಈ ಹತ್ತು ಲಕ್ಷ ಎಲ್ಲಿಂದ ಬಂತು ಅಂತ ಸ್ವಲ್ಪ ನೋಡೋಣ.

ಸಿಸಿ ಅಂದರೆ ಕ್ಯಾಶ್ ಕ್ರೆಡಿಟ್. ಮನೆ ಸಾಲ, ಗಾಡಿ ಸಾಲದಲ್ಲಿ ಬ್ಯಾಂಕ್ ಒಟ್ಟಿಗೆ ಹಣ ಕೊಡುತ್ತದೆ, ನಾವು ಕಂತು ಕಟ್ಟುತ್ತೇವೆ. ಸಿಸಿಯಲ್ಲಿ ಕಂತು ಅನ್ನುವುದೇ ಇಲ್ಲ. ಇಷ್ಟರವರೆಗೆ ತೆಗೆದುಕೊಳ್ಳಬಹುದು ಅಂತ ಒಂದು ಮಿತಿ ಹಾಕಿಕೊಡುತ್ತಾರೆ. ಬೇಕಾದಾಗ ತೆಗೆಯಬಹುದು, ಮಾರಾಟದ ಹಣ ಬಂದಾಗ ಕಟ್ಟಬಹುದು, ಮತ್ತೆ ತೆಗೆಯಬಹುದು. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ರಿನ್ಯೂವಲ್. ಅಡಮಾನ ಅಂಗಡಿಯ ಸರಕು ಮತ್ತು ಗಿರಾಕಿಗಳಿಂದ ಬರಬೇಕಾದ ಉದ್ರಿ ಬಾಕಿ. ಸರಕು ಅಂಗಡಿಯಲ್ಲೇ ಇರುತ್ತದೆ, ನಾವೇ ಮಾರುತ್ತೇವೆ, ಅದರ ಮೇಲೆ ಬ್ಯಾಂಕಿನ ಹಕ್ಕೂ ಇರುತ್ತದೆ. ಇದಕ್ಕೆ ಹೈಪೊಥಿಕೇಶನ್ ಅನ್ನುತ್ತಾರೆ. ಗೋದಾಮಿಗೆ ಬ್ಯಾಂಕಿನ ಬೀಗ ಬೀಳುವ ಪ್ಲೆಡ್ಜ್ ಸಾಲದ ಕಥೆ ಬೇರೆ.

ಮಿತಿ ಹಾಕುವುದಕ್ಕೂ ಒಂದು ಲೆಕ್ಕ ಇದೆ. ಸಣ್ಣ ಉದ್ದಿಮೆಗಳಿಗೆ ಬ್ಯಾಂಕುಗಳು ಹೆಚ್ಚಾಗಿ ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಸೂತ್ರ ಹಿಡಿಯುತ್ತವೆ. ವರ್ಷಕ್ಕೆ ಆಗಬಹುದಾದ ಮಾರಾಟದ ನಾಲ್ಕನೇ ಒಂದು ಭಾಗ ವ್ಯಾಪಾರಕ್ಕೆ ಬೇಕಾದ ದುಡಿಯುವ ಬಂಡವಾಳ ಅಂತ ಹಿಡಿಯುವುದು. ಅದರಲ್ಲಿ ಮಾರಾಟದ ಶೇ. 20ರಷ್ಟನ್ನು ಬ್ಯಾಂಕ್ ಕೊಡುವುದು, ಶೇ. 5ರಷ್ಟನ್ನು ಯಜಮಾನರು ಕೈಯಿಂದ ಹಾಕುವುದು. ನಮ್ಮ ಪ್ಲೈವುಡ್ ಅಂಗಡಿಯ ಮಾರಾಟ 50 ಲಕ್ಷ. ಅದರ ಶೇ. 20 ಅಂದರೆ 10 ಲಕ್ಷ. ಲಿಮಿಟ್ ಬಂದದ್ದು ಹೀಗೆ.

ಈಗ ಏಪ್ರಿಲ್ ತಿಂಗಳಿಗೆ ಬರೋಣ. ಓದಲು ಸುಲಭ ಆಗಲಿ ಅಂತ ಅಂಕಿಗಳನ್ನು ದುಂಡಾಗಿಸಿ, ಸಣ್ಣಪುಟ್ಟ ವ್ಯವಹಾರಗಳನ್ನು ಬಿಟ್ಟಿದ್ದೇನೆ.

ಏಪ್ರಿಲ್ 1ರ ಬೆಳಿಗ್ಗೆ ಖಾತೆಯಲ್ಲಿ ಬಾಕಿ 6,00,000. 5ನೇ ತಾರೀಖು ಪ್ಲೈವುಡ್ ಕಂಪನಿಗೆ 2,50,000 ಕಳಿಸಿದರು, ಬಾಕಿ 8,50,000ಕ್ಕೆ ಏರಿತು. 12ಕ್ಕೆ ಒಬ್ಬ ಕಾಂಟ್ರಾಕ್ಟರ್ ಹಳೆಯ ಬಾಕಿ 3,00,000 ಕಟ್ಟಿದರು, 5,50,000ಕ್ಕೆ ಇಳಿಯಿತು. 20ಕ್ಕೆ ಜಿಎಸ್‌ಟಿ 70,000 ಹೋಯಿತು, 6,20,000 ಆಯಿತು. 25ಕ್ಕೆ ಇನ್ನೊಬ್ಬ ಗಿರಾಕಿಯಿಂದ 1,20,000 ಬಂತು, ಬಾಕಿ 5,00,000ಕ್ಕೆ ನಿಂತಿತು.

ಇದನ್ನು ರಾತ್ರಿಗಳ ಲೆಕ್ಕಕ್ಕೆ ತಿರುಗಿಸಿದರೆ ಹೀಗಾಗುತ್ತದೆ:

| ತಾರೀಖು | ರಾತ್ರಿಯ ಬಾಕಿ | ದಿನ | ಬಾಕಿ × ದಿನ |
|---|---|---|---|
| 1ರಿಂದ 4 | 6,00,000 | 4 | 24,00,000 |
| 5ರಿಂದ 11 | 8,50,000 | 7 | 59,50,000 |
| 12ರಿಂದ 19 | 5,50,000 | 8 | 44,00,000 |
| 20ರಿಂದ 24 | 6,20,000 | 5 | 31,00,000 |
| 25ರಿಂದ 30 | 5,00,000 | 6 | 30,00,000 |
| ಒಟ್ಟು | | 30 | 1,88,50,000 |

ಕೊನೆಯ ಕಾಲಂನ ಅಂಕಿಗೆ ಬ್ಯಾಂಕಿನವರು ಪ್ರಾಡಕ್ಟ್ ಅನ್ನುತ್ತಾರೆ. ಹೆಸರು ಕೇಳಿ ಗಾಬರಿ ಬೇಡ, ಗುಣಿಸಿ ಬಂದದ್ದು ಅಂತ ಅರ್ಥ, ಅಷ್ಟೇ. 1,88,50,000 ರೂಪಾಯಿಯನ್ನು ಒಂದೇ ಒಂದು ದಿನಕ್ಕೆ ಸಾಲ ತಂದಿದ್ದರೆ ಎಷ್ಟು ಬಡ್ಡಿಯೋ, ಇಡೀ ಏಪ್ರಿಲ್‌ಗೆ ಅಷ್ಟೇ ಬಡ್ಡಿ. ಅದನ್ನು 10.95ರಿಂದ ಗುಣಿಸಿ 36,500ರಿಂದ ಭಾಗಿಸಿ. 36,500 ಯಾಕೆ ಅಂದರೆ ಶೇಕಡಾಕ್ಕೆ ನೂರು, ವರ್ಷಕ್ಕೆ 365 ದಿನ. ಉತ್ತರ 5,655. ಯಜಮಾನರ ಸ್ಟೇಟ್‌ಮೆಂಟ್‌ನಲ್ಲಿ ಇದ್ದದ್ದೂ ಇದೇ.

ನಾನು ಬಾಯಿಲೆಕ್ಕಕ್ಕೆ ಇನ್ನೊಂದು ದಾರಿ ಹಿಡಿಯುತ್ತೇನೆ. ಶೇ. 10.95ರ ದರದಲ್ಲಿ ಒಂದು ಲಕ್ಷಕ್ಕೆ ವರ್ಷಕ್ಕೆ 10,950. ದಿನಕ್ಕೆ ಸರಿಯಾಗಿ 30 ರೂಪಾಯಿ. ಪ್ರಾಡಕ್ಟ್ ಒಟ್ಟು 188.5 ಲಕ್ಷ, ಅದನ್ನು ಮೂವತ್ತರಿಂದ ಗುಣಿಸಿದರೆ ಅದೇ 5,655. ಊರ ಕಡೆಯ ಬಡ್ಡಿ ಮಾತಿನಲ್ಲಿ ಹೇಳುವುದಾದರೆ ಇದು ಸುಮಾರು ತೊಂಬತ್ತೊಂದು ಪೈಸೆ ಬಡ್ಡಿ, ಅಂದರೆ ನೂರಕ್ಕೆ ತಿಂಗಳಿಗೆ ಅಷ್ಟು. ನಿಮ್ಮ ಬ್ಯಾಂಕಿನ ದರ ಬೇರೆ ಇರಬಹುದು. ಆ ದರದಲ್ಲಿ ಲಕ್ಷಕ್ಕೆ ದಿನಕ್ಕೆ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ಗೋಡೆಗೆ ಬರೆದಿಟ್ಟರೂ ಆಗುತ್ತದೆ.

ಎಕ್ಸೆಲ್‌ನಲ್ಲಿ ಮಾಡುವವರು ಬಾಕಿಯನ್ನು ಬಿ ಕಾಲಂನಲ್ಲೂ ದಿನಗಳನ್ನು ಸಿ ಕಾಲಂನಲ್ಲೂ ತುಂಬಿ ಈ ಸೂತ್ರ ಹಾಕಬಹುದು:

```
=SUMPRODUCT(B2:B6,C2:C6)*10.95/36500
```

ಗಮನಿಸಬೇಕಾದ್ದು ಒಂದಿದೆ. ಬೆಳಿಗ್ಗೆ ಎರಡು ಲಕ್ಷ ಬಂದು ಸಂಜೆಯೊಳಗೆ ಎರಡು ಲಕ್ಷ ಹೋದರೆ ಬಡ್ಡಿಗೆ ಏನೂ ವ್ಯತ್ಯಾಸ ಆಗುವುದಿಲ್ಲ. ಲೆಕ್ಕಕ್ಕೆ ಬರುವುದು ರಾತ್ರಿಯ ಬಾಕಿ ಮಾತ್ರ. ಭಾನುವಾರ, ಎರಡನೇ ಶನಿವಾರ, ಯುಗಾದಿ, ಯಾವ ರಜೆಯೂ ಬಡ್ಡಿಗೆ ಇಲ್ಲ. ಶುಕ್ರವಾರ ರಾತ್ರಿಯ ಬಾಕಿ ಹಾಗೇ ಶನಿವಾರಕ್ಕೂ ಭಾನುವಾರಕ್ಕೂ ನಡೆಯುತ್ತದೆ.

ಹಾಗಾಗಿ ಸಿಸಿಯಲ್ಲಿ ಎಷ್ಟು ಹಣ ಅನ್ನುವಷ್ಟೇ ಯಾವ ತಾರೀಖು ಅನ್ನುವುದೂ ಮುಖ್ಯ. ಆ ಕಾಂಟ್ರಾಕ್ಟರ್ ಕೊಟ್ಟ ಮೂರು ಲಕ್ಷದ ಚೆಕ್ಕನ್ನು "ಹಾಕಿದರಾಯಿತು ಬಿಡು" ಅಂತ ಗಲ್ಲಾಪೆಟ್ಟಿಗೆಯಲ್ಲಿ ನಾಲ್ಕು ದಿನ ಇಟ್ಟಿದ್ದರೆ? ಮೂರು ಲಕ್ಷ, ನಾಲ್ಕು ದಿನ, ಲಕ್ಷಕ್ಕೆ ಮೂವತ್ತು: 360 ರೂಪಾಯಿ. ಶುಕ್ರವಾರ ಸಂಜೆಯ 80,000 ನಗದನ್ನು ಸೋಮವಾರ ಕಟ್ಟಿದರೆ ಮೂರು ರಾತ್ರಿಗೆ 72 ರೂಪಾಯಿ. ಒಂದು ಸಲಕ್ಕೆ ಇದು ದೊಡ್ಡ ಮೊತ್ತ ಅಲ್ಲ, ನಿಜ. ಅದಕ್ಕಾಗಿ ಮಳೆಯಲ್ಲಿ ಓಡಿಹೋಗಿ ಕಟ್ಟಿ ಅಂತ ನಾನು ಹೇಳುವುದಿಲ್ಲ.

ನಿಜವಾಗಿ ಸೋರುವುದು ಬೇರೆ ಕಡೆ. ಈ ಅಂಗಡಿಯ ಮೇಜಿನ ಮೇಲಿದ್ದ ಯುಪಿಐ ಕ್ಯೂಆರ್ ಕೋಡ್ ಯಜಮಾನರ ಉಳಿತಾಯ ಖಾತೆಗೆ ಜೋಡಿಸಿತ್ತು. ಫೋನಿಗೆ ಕ್ಯೂಆರ್ ಬಂದ ಕಾಲದಲ್ಲಿ ಮಾಡಿದ್ದು, ಆಮೇಲೆ ಯಾರೂ ಬದಲಿಸಲಿಲ್ಲ. ದಿನಾ ಹಣ ಅಲ್ಲಿಗೆ ಬೀಳುತ್ತಿತ್ತು, ತಿಂಗಳಿಗೊಮ್ಮೆ ನೆನಪಾದಾಗ ಸಿಸಿಗೆ ಹಾಕುತ್ತಿದ್ದರು. ಸರಾಸರಿ ಒಂದು ಲಕ್ಷ ಅಲ್ಲೇ ಕೂತಿರುತ್ತಿತ್ತು. ಆ ಲಕ್ಷಕ್ಕೆ ಸಿಸಿಯಲ್ಲಿ ತಿಂಗಳಿಗೆ 900 ರೂಪಾಯಿ ಬಡ್ಡಿ ಕಟ್ಟುತ್ತಾ, ಉಳಿತಾಯ ಖಾತೆಯಲ್ಲಿ ಶೇ. 3ರಂತೆ 247 ರೂಪಾಯಿ ಪಡೆಯುತ್ತಿದ್ದರು. ತಮ್ಮದೇ ಹಣ ಪಕ್ಕದ ಖಾತೆಯಲ್ಲಿ ಇದ್ದಾಗ ಸಾಲದ ಬಡ್ಡಿ ಓಡುತ್ತಿತ್ತು! ಕ್ಯೂಆರ್ ಅನ್ನು ಸಿಸಿ ಖಾತೆಗೆ ಬದಲಿಸಲು ಒಂದು ಅರ್ಜಿ ಸಾಕಾಯಿತು. ಅಂಗಡಿಯ ಲೆಕ್ಕವೂ ಮನೆಯ ಲೆಕ್ಕವೂ ಬೆರೆಯುವುದು ತಪ್ಪಿತು, ಅದು ನನಗೆ ಸಿಕ್ಕ ಲಾಭ.

ಹಾಗಂತ ಸಿಸಿಯಿಂದ ಹಣ ತೆಗೆಯುವುದೇ ನಷ್ಟ ಅಂತಲ್ಲ. ಪ್ಲೈವುಡ್ ಕಂಪನಿ ಇಪ್ಪತ್ತು ದಿನ ಮೊದಲೇ ಹಣ ಕೊಟ್ಟರೆ ಶೇ. 2 ರಿಯಾಯಿತಿ ಕೊಡುತ್ತದೆ ಅಂದುಕೊಳ್ಳಿ. ಎರಡೂವರೆ ಲಕ್ಷಕ್ಕೆ 5,000 ಉಳಿಯುತ್ತದೆ. ಇಪ್ಪತ್ತು ದಿನದ ಸಿಸಿ ಬಡ್ಡಿ 1,500. ಇಲ್ಲಿ ಸಾಲ ತೆಗೆದು ಕೊಡುವುದೇ ಜಾಣತನ. ಲಕ್ಷಕ್ಕೆ ಮೂವತ್ತು ಅನ್ನುವ ಅಂಕಿ ತಲೆಯಲ್ಲಿ ಇದ್ದರೆ ಇಂಥ ತೀರ್ಮಾನ ಗಲ್ಲಾದ ಮುಂದೆ ನಿಂತೇ ಆಗುತ್ತದೆ. ಅತಿಯಾಗಿ ಕಟ್ಟಿ ಖಾತೆಯಲ್ಲಿ ನಮ್ಮ ಹಣವೇ ಉಳಿಯುವ ಹಾಗೆ ಮಾಡಿದರೂ ಪ್ರಯೋಜನ ಇಲ್ಲ, ಸಿಸಿಯಲ್ಲಿ ನಮ್ಮ ಕಡೆಯ ಜಮೆಗೆ ಬ್ಯಾಂಕ್ ಬಡ್ಡಿ ಕೊಡುವುದಿಲ್ಲ.

ಏಪ್ರಿಲ್ 30ಕ್ಕೆ 5,655 ಬಡ್ಡಿ ಖಾತೆಗೆ ಬಿತ್ತು. ಬಾಕಿ 5,00,000 ಇದ್ದದ್ದು 5,05,655 ಆಯಿತು. ಮೇ ತಿಂಗಳು ಶುರುವಾಗುವುದು ಇಲ್ಲಿಂದ. ಅಂದರೆ ಬಡ್ಡಿ ಈಗ ಅಸಲಿನ ಜೊತೆ ಸೇರಿತು, ಅದರ ಮೇಲೂ ಬಡ್ಡಿ ಓಡುತ್ತದೆ. ಮೇ ಪೂರ್ತಿ ಅದನ್ನು ಕಟ್ಟದಿದ್ದರೆ ಈ 5,655ರ ಮೇಲೆ ಇನ್ನೊಂದು 53 ರೂಪಾಯಿ. ಮೊದಲು ಬ್ಯಾಂಕುಗಳು ಮೂರು ತಿಂಗಳಿಗೊಮ್ಮೆ ಬಡ್ಡಿ ಹಾಕುತ್ತಿದ್ದವು, 2002ರ ಏಪ್ರಿಲ್‌ನಿಂದ ತಿಂಗಳಿಗೊಮ್ಮೆ ಆಯಿತು. ಕೆಲವು ಹಳೆಯ ವ್ಯಾಪಾರಿಗಳು ಈಗಲೂ "ಕ್ವಾರ್ಟರ್ ಬಡ್ಡಿ" ಅಂತಲೇ ಮಾತಾಡುವುದು ಅದಕ್ಕೇ.

ಇನ್ನು ನಮ್ಮ ಪುಸ್ತಕದಲ್ಲಿ ಬರೆಯುವ ವಿಷಯ. ಹೊಸದಾಗಿ ಲೆಕ್ಕ ಬರೆಯುವವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಬಾಕಿಯ ಮುಂದೆ Dr ಅಂತ ಇರುತ್ತದೆ. ಅದನ್ನು ನೋಡಿ ನಮ್ಮಲ್ಲೂ ಡೆಬಿಟ್ ಅಂದುಕೊಳ್ಳುತ್ತಾರೆ. ಆದರೆ ಅದು ಬ್ಯಾಂಕಿನ ಪುಸ್ತಕ. ಅವರ ಪುಸ್ತಕದಲ್ಲಿ ನಾವು ಕೊಡಬೇಕಾದವರು, ಆದ್ದರಿಂದ ನಮ್ಮ ಹೆಸರಿಗೆ ಡೆಬಿಟ್. ನಮ್ಮ ಪುಸ್ತಕದಲ್ಲಿ ಬ್ಯಾಂಕ್ ನಮಗೆ ಸಾಲ ಕೊಟ್ಟವನು, ಆದ್ದರಿಂದ ಸಿಸಿ ಖಾತೆಗೆ ಕ್ರೆಡಿಟ್ ಬಾಕಿ. ಎದುರುಬದುರು ಕೂತ ಇಬ್ಬರಿಗೆ ಎಡ ಬಲ ಅದಲುಬದಲು ಆದ ಹಾಗೆ. ಸ್ಟೇಟ್‌ಮೆಂಟ್‌ನ ಡೆಬಿಟ್ ಸಾಲು ನಮ್ಮಲ್ಲಿ ಕ್ರೆಡಿಟ್, ಅದರ ಕ್ರೆಡಿಟ್ ನಮ್ಮಲ್ಲಿ ಡೆಬಿಟ್.

ಟ್ಯಾಲಿಯಲ್ಲಿ ಸಿಸಿ ಖಾತೆಯನ್ನು ತೆರೆಯುವಾಗ Bank OD A/c ಗುಂಪಿನ ಕೆಳಗೆ ಹಾಕಬೇಕು. ಕೆಲವರು ಅಭ್ಯಾಸಬಲದಿಂದ Bank Accounts ಕೆಳಗೆ ಹಾಕುತ್ತಾರೆ. ಆಗ ಬ್ಯಾಲೆನ್ಸ್ ಶೀಟ್‌ನಲ್ಲಿ ಐದು ಲಕ್ಷ ಸಾಲ ಇರುವುದು ಆಸ್ತಿ ಕಡೆ ಮೈನಸ್ ಆಗಿ ಕೂರುತ್ತದೆ. ಸಾಲ ಸಾಲದ ಕಡೆಯೇ ಕಾಣಬೇಕು.

ಆಮೇಲೆ ನಮೂದುಗಳು ಸರಳ. 5ನೇ ತಾರೀಖು ಪ್ಲೈವುಡ್ ಕಂಪನಿಯ ಖಾತೆಗೆ ಡೆಬಿಟ್ 2,50,000, ಸಿಸಿ ಖಾತೆಗೆ ಕ್ರೆಡಿಟ್. 12ಕ್ಕೆ ಸಿಸಿ ಖಾತೆಗೆ ಡೆಬಿಟ್ 3,00,000, ಕಾಂಟ್ರಾಕ್ಟರ್ ಖಾತೆಗೆ ಕ್ರೆಡಿಟ್. 20ಕ್ಕೆ ಜಿಎಸ್‌ಟಿ ಬಾಕಿ ಖಾತೆಗೆ ಡೆಬಿಟ್ 70,000, ಸಿಸಿಗೆ ಕ್ರೆಡಿಟ್. 25ಕ್ಕೆ ಸಿಸಿಗೆ ಡೆಬಿಟ್ 1,20,000, ಗಿರಾಕಿ ಖಾತೆಗೆ ಕ್ರೆಡಿಟ್. 30ಕ್ಕೆ ಈ ತಿಂಗಳ ವಿಶೇಷ ನಮೂದು: ಸಿಸಿ ಬಡ್ಡಿ ಖಾತೆಗೆ ಡೆಬಿಟ್ 5,655, ಸಿಸಿ ಖಾತೆಗೆ ಕ್ರೆಡಿಟ್ 5,655. ಇದನ್ನು ಪೇಮೆಂಟ್ ವೋಚರ್‌ನಲ್ಲೇ ಹಾಕಬಹುದು. ನಗದು ಎಲ್ಲೂ ಕೈಬದಲಾಗಿಲ್ಲ, ಆದರೂ ಇದು ಖರ್ಚು. ಸಾಲ ಅಷ್ಟು ಹೆಚ್ಚಿತು, ಲಾಭ ಅಷ್ಟು ಕಡಿಮೆ ಆಯಿತು.

ಈಗ ನಮ್ಮ ಸಿಸಿ ಖಾತೆಯನ್ನು ಕೂಡಿಸಿ ನೋಡಿ. ಆರಂಭದ ಕ್ರೆಡಿಟ್ 6,00,000. ತಿಂಗಳಲ್ಲಿ ಕ್ರೆಡಿಟ್ ಆದದ್ದು 3,25,655. ಡೆಬಿಟ್ ಆದದ್ದು 4,20,000. ಉಳಿದ ಕ್ರೆಡಿಟ್ ಬಾಕಿ 5,05,655. ಸ್ಟೇಟ್‌ಮೆಂಟ್ ಜೊತೆ ಹೊಂದಿತು.

ನಾನು ಅತಿ ಹೆಚ್ಚು ಸಲ ತಿದ್ದಿದ ತಪ್ಪು ಈ ಬಡ್ಡಿ ನಮೂದಿನದ್ದೇ. ಬ್ಯಾಂಕಿನಿಂದ ಫೋನ್ ಬರುತ್ತದೆ, "ಬಡ್ಡಿ ಕಟ್ಟಿ ಸಾರ್" ಅಂತ. ಯಜಮಾನರು 6,000 ನಗದು ಕಟ್ಟಿ ಬರುತ್ತಾರೆ. ಅಂಗಡಿಯ ಹುಡುಗ ಪುಸ್ತಕದಲ್ಲಿ ಬಡ್ಡಿ ಖಾತೆಗೆ ಡೆಬಿಟ್ 6,000, ನಗದಿಗೆ ಕ್ರೆಡಿಟ್ ಅಂತ ಬರೆಯುತ್ತಾನೆ. ಆಮೇಲೆ ಸ್ಟೇಟ್‌ಮೆಂಟ್ ಬಂದಾಗ ಅದರಲ್ಲಿನ 5,655ನ್ನೂ ಬಡ್ಡಿ ಅಂತ ಬರೆಯುತ್ತಾನೆ. ಒಂದೇ ತಿಂಗಳ ಬಡ್ಡಿ ಎರಡು ಸಲ ಖರ್ಚಾಯಿತು! ಬಡ್ಡಿ ಖರ್ಚಾಗುವುದು ಬ್ಯಾಂಕ್ ಅದನ್ನು ಖಾತೆಗೆ ಹಾಕಿದ ಕ್ಷಣದಲ್ಲಿ. ಆಮೇಲೆ ಕಟ್ಟಿದ ನಗದು ಸಿಸಿ ಖಾತೆಗೆ ಕಟ್ಟಿದ ಹಣ, ಅದಕ್ಕೆ ಕಾಂಟ್ರಾ ವೋಚರ್: ಸಿಸಿಗೆ ಡೆಬಿಟ್ 6,000, ನಗದಿಗೆ ಕ್ರೆಡಿಟ್ 6,000. ಈ ತಪ್ಪು ಆಗಿದೆಯೋ ಇಲ್ಲವೋ ಅಂತ ತಿಳಿಯುವುದು ಸುಲಭ. ವರ್ಷದ ಬಡ್ಡಿ ಖಾತೆಯಲ್ಲಿ ಹನ್ನೆರಡೇ ನಮೂದು ಇರಬೇಕು. ಹದಿನೈದು, ಇಪ್ಪತ್ತು ಇದ್ದರೆ ಏನೋ ಎಡವಟ್ಟಾಗಿದೆ.

ಬಡ್ಡಿಯ ಅಕ್ಕಪಕ್ಕದಲ್ಲಿ ಬೇರೆ ಸಾಲುಗಳೂ ಬರುತ್ತವೆ: ರಿನ್ಯೂವಲ್ ಸಮಯದ ಪ್ರೊಸೆಸಿಂಗ್ ಶುಲ್ಕ, ಸರಕಿನ ವಿಮೆ, ತಪಾಸಣೆ ಶುಲ್ಕ. ಎಲ್ಲವನ್ನೂ ಬಡ್ಡಿಗೆ ತುಂಬಬೇಡಿ. ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಆದರೆ ಶುಲ್ಕಕ್ಕೆ ಶೇ. 18 ಇದೆ. ಪ್ರೊಸೆಸಿಂಗ್ ಶುಲ್ಕ 3,500 ಅಂದರೆ ಖಾತೆಯಿಂದ ಹೋಗುವುದು 4,130. ಅದರಲ್ಲಿ 3,500 ಬ್ಯಾಂಕ್ ಶುಲ್ಕದ ಖಾತೆಗೆ, 315 ಸಿಜಿಎಸ್‌ಟಿ, 315 ಎಸ್‌ಜಿಎಸ್‌ಟಿ. ಅಂಗಡಿಯ ಜಿಎಸ್‌ಟಿ ನಂಬರನ್ನು ಬ್ಯಾಂಕಿಗೆ ಕೊಟ್ಟಿದ್ದು, ಬ್ಯಾಂಕಿನ ಬಿಲ್ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿದರೆ ಆ 630ನ್ನು ಇನ್‌ಪುಟ್ ಆಗಿ ತೆಗೆದುಕೊಳ್ಳಬಹುದು. ಎಷ್ಟೋ ಅಂಗಡಿಗಳು ನಂಬರ್ ಕೊಟ್ಟೇ ಇರುವುದಿಲ್ಲ. ಬ್ಯಾಂಕಿಗೆ ಕೊಡುವ ಬಡ್ಡಿಯಲ್ಲಿ ಟಿಡಿಎಸ್ ಹಿಡಿಯುವ ತಲೆನೋವೂ ಇಲ್ಲ.

ನಿಮ್ಮ ಲೆಕ್ಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ಒಂದೆರಡು ರೂಪಾಯಿ ವ್ಯತ್ಯಾಸ ಬಂದರೆ ಬಿಟ್ಟುಬಿಡಿ, ಪೈಸೆ ದುಂಡಾಗಿಸಿದ್ದು. ನೂರಾರು ರೂಪಾಯಿ ಬಂದರೆ ಹುಡುಕಬೇಕು. ಮೊದಲು ನೋಡಬೇಕಾದ್ದು ನೀವು ಯಾವ ತಾರೀಖು ಹಿಡಿದಿದ್ದೀರಿ ಅನ್ನುವುದು. ಚೆಕ್ ಬರೆದ ದಿನವೇ ನಮ್ಮ ಪುಸ್ತಕದಲ್ಲಿ ಹಣ ಹೋಗಿರುತ್ತದೆ, ಬ್ಯಾಂಕಿನಲ್ಲಿ ಅದು ಹೋಗುವುದು ಚೆಕ್ ಪಾಸಾದ ದಿನ. ಗಿರಾಕಿಯ ಚೆಕ್ ನಾವು ಹಾಕಿದ ದಿನ ನಮ್ಮಲ್ಲಿ ಜಮೆ, ಬ್ಯಾಂಕಿನಲ್ಲಿ ಕ್ಲಿಯರ್ ಆದ ಮೇಲೆ ಜಮೆ. ಆದ್ದರಿಂದ ಟ್ಯಾಲಿಯ ಬಾಕಿ ಇಟ್ಟುಕೊಂಡು ಬಡ್ಡಿ ಲೆಕ್ಕ ಹಾಕಿದರೆ ಯಾವತ್ತೂ ಹೊಂದುವುದಿಲ್ಲ. ಸ್ಟೇಟ್‌ಮೆಂಟ್‌ನಲ್ಲಿ ವ್ಯಾಲ್ಯೂ ಡೇಟ್ ಅಂತ ಇನ್ನೊಂದು ಕಾಲಂ ಇದ್ದರೆ ಬಡ್ಡಿಗೆ ಆ ತಾರೀಖು.

ಆಮೇಲೆ ದರ. ಸಣ್ಣ ಉದ್ದಿಮೆಗಳ ಹೊಸ ಫ್ಲೋಟಿಂಗ್ ಸಾಲಗಳನ್ನು 2019ರ ಅಕ್ಟೋಬರ್ 1ರಿಂದ ಹೊರಗಿನ ಮಾನದಂಡಕ್ಕೆ ಜೋಡಿಸಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಹೆಚ್ಚಿನ ಬ್ಯಾಂಕುಗಳು ರೆಪೊ ದರ ಹಿಡಿದಿವೆ. ರೆಪೊ ಬದಲಾದರೆ ಮೂರು ತಿಂಗಳೊಳಗೆ ನಿಮ್ಮ ದರವೂ ಬದಲಾಗಬೇಕು. ತಿಂಗಳ ನಡುವೆ ಬದಲಾದರೆ ಆ ತಿಂಗಳನ್ನು ಎರಡು ತುಂಡು ಮಾಡಿ ಲೆಕ್ಕ ಹಾಕಬೇಕು. ನಮ್ಮ ಅಂಗಡಿಯಲ್ಲಿ ಒಮ್ಮೆ ದರ ಇಳಿದದ್ದನ್ನು ಬ್ಯಾಂಕ್ ಹಾಕಿತ್ತು, ಹಳೆಯ ದರದಲ್ಲೇ ಗುಣಿಸಿ ತಲೆ ಕೆಡಿಸಿಕೊಂಡವನು ನಾನು.

ಇನ್ನು ಹತ್ತು ಲಕ್ಷ ಲಿಮಿಟ್ ಇದ್ದರೂ ಹತ್ತು ಲಕ್ಷ ತೆಗೆಯಲು ಆಗದಿರುವ ಸಂದರ್ಭ ಒಂದಿದೆ. ಅದನ್ನು ತಿಳಿಯದೆ ಬಡ್ಡಿಯ ಕಥೆ ಪೂರ್ತಿ ಆಗುವುದಿಲ್ಲ. ತಿಂಗಳಿಗೊಮ್ಮೆ ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಸರಕು ಎಷ್ಟಿದೆ, ಸರಕಿಗೆ ಕೊಡಬೇಕಾದ್ದು ಎಷ್ಟಿದೆ, ಉದ್ರಿ ಎಷ್ಟು ಬರಬೇಕು ಅಂತ. ಅದರಿಂದ ಡ್ರಾಯಿಂಗ್ ಪವರ್, ಎಲ್ಲರ ಬಾಯಲ್ಲಿ ಡಿಪಿ, ತೆಗೆಯುತ್ತಾರೆ. ಮಾರ್ಚ್ ಕೊನೆಗೆ ಈ ಅಂಗಡಿಯ ಸರಕು 12 ಲಕ್ಷ. ಅದರಲ್ಲಿ 3 ಲಕ್ಷದ ಸರಕಿಗೆ ಇನ್ನೂ ಕಂಪನಿಗೆ ಹಣ ಕೊಟ್ಟಿರಲಿಲ್ಲ. ಅದನ್ನು ಕಳೆದರೆ 9 ಲಕ್ಷ, ಯಾಕೆಂದರೆ ಆ 3 ಲಕ್ಷದ ಸರಕಿಗೆ ಆಗಲೇ ಕಂಪನಿಯೇ ಸಾಲ ಕೊಟ್ಟ ಹಾಗಾಗಿದೆ. ಆ 9 ಲಕ್ಷದಲ್ಲಿ ಶೇ. 25 ಮಾರ್ಜಿನ್, ಅಂದರೆ ಯಜಮಾನರೇ ಹಾಕಬೇಕಾದ ಪಾಲು, ಕಳೆದರೆ 6,75,000. ತೊಂಬತ್ತು ದಿನದೊಳಗಿನ ಉದ್ರಿ 4 ಲಕ್ಷ, ಅದರಲ್ಲಿ ಶೇ. 40 ಕಳೆದರೆ 2,40,000. ಎರಡೂ ಸೇರಿ ಡಿಪಿ 9,15,000. ಮಾರ್ಜಿನ್ ಎಷ್ಟು ಅನ್ನುವುದು ನಿಮ್ಮ ಮಂಜೂರಾತಿ ಪತ್ರದಲ್ಲಿ ಇರುತ್ತದೆ, ಎಲ್ಲರಿಗೂ ಒಂದೇ ಅಲ್ಲ. ಲಿಮಿಟ್ ಮತ್ತು ಡಿಪಿ ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಬಳಸಬಹುದು. ಇಲ್ಲಿ 85,000 ಲಿಮಿಟ್ ಕಾಗದದ ಮೇಲೆ ಮಾತ್ರ ಉಳಿಯಿತು.

ಇಲ್ಲೇ ಒಂದು ಸಣ್ಣ ಬಲೆ ಇದೆ. ಬಾಕಿ 9,12,000ರಲ್ಲಿ ನಿಂತಿದೆ ಅಂದುಕೊಳ್ಳಿ. ಡಿಪಿಗಿಂತ 3,000 ಕಡಿಮೆ, ಎಲ್ಲ ಸರಿ ಅಂತ ನೀವು ಸುಮ್ನೆ ಕೂತಿರುತ್ತೀರಿ. ತಿಂಗಳ ಕೊನೆಗೆ ಎಂಟು ಸಾವಿರ ಚಿಲ್ಲರೆ ಬಡ್ಡಿ ಬೀಳುತ್ತದೆ. ನೀವು ಒಂದು ರೂಪಾಯಿ ತೆಗೆಯದೆಯೇ ಖಾತೆ ಡಿಪಿ ದಾಟಿತು! ಮಿತಿ ದಾಟಿದ್ದಕ್ಕೆ ಬ್ಯಾಂಕ್ ದಂಡ ಹಾಕಬಹುದು. ಮೊದಲು ಇದನ್ನು ಹೆಚ್ಚುವರಿ ಬಡ್ಡಿಯಾಗಿ ದರಕ್ಕೇ ಸೇರಿಸುತ್ತಿದ್ದರು. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ ಸುತ್ತೋಲೆ ಬಂದ ಮೇಲೆ ಅದನ್ನು ಪ್ರತ್ಯೇಕ ದಂಡಶುಲ್ಕವಾಗಿಯೇ ಹಾಕಬೇಕು, ಆ ದಂಡದ ಮೇಲೆ ಮತ್ತೆ ಬಡ್ಡಿ ಓಡಿಸುವಂತಿಲ್ಲ. ಪುಸ್ತಕದಲ್ಲೂ ಅದನ್ನು ಬಡ್ಡಿಗೆ ಸೇರಿಸದೆ ಬೇರೆ ಖಾತೆಗೆ ಬರೆಯಿರಿ, ವರ್ಷದ ಕೊನೆಗೆ ಎಷ್ಟು ಪೋಲಾಯಿತು ಅಂತ ಒಂದೇ ನೋಟಕ್ಕೆ ಕಾಣುತ್ತದೆ. ತಿಂಗಳ ಕೊನೆಯ ವಾರ ಬಡ್ಡಿಯಷ್ಟು ಜಾಗ ಉಳಿಸಿಕೊಳ್ಳುವುದು ಇದಕ್ಕೆ ಮದ್ದು.

ಇದಕ್ಕಿಂತ ದೊಡ್ಡದು ತೊಂಬತ್ತು ದಿನದ ಲೆಕ್ಕ. ಬಾಕಿ ಸತತ ತೊಂಬತ್ತು ದಿನ ಲಿಮಿಟ್ ಅಥವಾ ಡಿಪಿಗಿಂತ ಮೇಲೇ ಇದ್ದರೆ ಖಾತೆ ಔಟ್ ಆಫ್ ಆರ್ಡರ್, ಅಂದರೆ ಬ್ಯಾಂಕ್ ಅದನ್ನು ಕೆಟ್ಟ ಸಾಲ, ಎನ್‌ಪಿಎ, ಅಂತ ಹಿಡಿಯುತ್ತದೆ. ಮಿತಿಯೊಳಗೇ ಇದ್ದರೂ ತೊಂಬತ್ತು ದಿನ ಒಂದೂ ಜಮೆ ಇಲ್ಲದಿದ್ದರೆ, ಅಥವಾ ಆ ತೊಂಬತ್ತು ದಿನಗಳಲ್ಲಿ ಬಿದ್ದ ಬಡ್ಡಿಗೆ ಸಾಲುವಷ್ಟು ಜಮೆ ಬರದಿದ್ದರೆ ಆಗಲೂ ಅದೇ ಗತಿ. ಮ್ಯಾನೇಜರ್ "ಅಕೌಂಟ್ ರೊಟೇಟ್ ಮಾಡಿ" ಅಂತ ಒತ್ತಾಯ ಮಾಡುವುದು ಇದಕ್ಕೇ. ಹತ್ತು ಲಕ್ಷ ತೆಗೆದು ಅದರಲ್ಲಿ ಸೈಟ್ ಕೊಂಡವರ ಖಾತೆ ಒಂದೇ ಕಡೆ ಗಟ್ಟಿಯಾಗಿ ನಿಂತುಬಿಡುತ್ತದೆ. ಹೊಸ ಸರಕು ತರಲು ಜಾಗ ಇಲ್ಲ, ಮಾರಾಟ ಕುಗ್ಗುತ್ತದೆ, ಜಮೆ ಕಡಿಮೆಯಾಗುತ್ತದೆ, ತಿಂಗಳ ಬಡ್ಡಿಯೇ ಮಿತಿ ದಾಟಿಸುತ್ತದೆ. ನಮ್ಮ ಪ್ಲೈವುಡ್ ಅಂಗಡಿಯಲ್ಲಿ ಏಪ್ರಿಲ್ ಒಂದರಲ್ಲೇ 4,20,000 ಜಮೆ ಬಂದಿದೆ, ಬಡ್ಡಿ 5,655. ಅಲ್ಲಿ ಆ ಭಯ ಇಲ್ಲ. ಸ್ಟಾಕ್ ಸ್ಟೇಟ್‌ಮೆಂಟ್ ಮರೆತರೂ ತೊಂದರೆಯೇ, ಮೂರು ತಿಂಗಳಿಗಿಂತ ಹಳೆಯ ಸ್ಟೇಟ್‌ಮೆಂಟ್ ಮೇಲೆ ತೆಗೆದ ಹಣವನ್ನು ಬ್ಯಾಂಕ್ ಕ್ರಮಬದ್ಧ ಅಂತ ಒಪ್ಪುವುದಿಲ್ಲ.

ಮಾರ್ಚ್ ತಿಂಗಳ ಬಡ್ಡಿಗೆ ಮಾತ್ರ ಸ್ವಲ್ಪ ಹೆಚ್ಚು ಎಚ್ಚರ ಬೇಕು. ಅದು 31ರ ರಾತ್ರಿ ಬೀಳುತ್ತದೆ. 31ರ ಸಂಜೆ ಡೌನ್‌ಲೋಡ್ ಮಾಡಿದ ಸ್ಟೇಟ್‌ಮೆಂಟ್‌ನಲ್ಲಿ ಅದು ಇರುವುದಿಲ್ಲ. ಅದನ್ನೇ ಇಟ್ಟುಕೊಂಡು ವರ್ಷ ಮುಗಿಸಿದರೆ ಆ ವರ್ಷದ ಬಡ್ಡಿ ಹನ್ನೊಂದು ತಿಂಗಳದ್ದಾಗುತ್ತದೆ, ಮುಂದಿನ ವರ್ಷದ್ದು ಹದಿಮೂರು. ಏಪ್ರಿಲ್ ಮೊದಲ ವಾರದಲ್ಲಿ ಹೊಸದಾಗಿ ಸ್ಟೇಟ್‌ಮೆಂಟ್ ತೆಗೆದು, ಕೊನೆಯ ಬಡ್ಡಿ ಸಾಲನ್ನು ಮಾರ್ಚ್ 31ಕ್ಕೇ ಬರೆಯಬೇಕು. ಎಂಟ್ರಿ ಏಪ್ರಿಲ್ 1ರಲ್ಲಿ ಕಂಡು ವ್ಯಾಲ್ಯೂ ಡೇಟ್ ಮಾರ್ಚ್ 31 ಇದ್ದರೂ ಖರ್ಚು ಮಾರ್ಚ್‌ನದೇ. ಪಾಸಾಗದ ಚೆಕ್ಕುಗಳಿದ್ದರೆ ನಮ್ಮ ಬಾಕಿಯೂ ಬ್ಯಾಂಕಿನ ಬಾಕಿಯೂ ಬೇರೆಯಾಗಿಯೇ ಇರುತ್ತವೆ. ಆ ಚೆಕ್ಕುಗಳ ಪಟ್ಟಿಯನ್ನೂ ಬ್ಯಾಂಕ್ ಕೊಡುವ ಬಾಕಿ ದೃಢೀಕರಣ ಪತ್ರವನ್ನೂ ಒಟ್ಟಿಗೆ ಫೈಲಿನಲ್ಲಿ ಇಡಿ. ಆಡಿಟರ್ ಕೇಳುವುದು ಅವೆರಡನ್ನೇ.